ನಿಲ್ದಾಣ ಬರುವಷ್ಟರಲ್ಲಿ ಮುಗಿಯುವ ಆಟ

ಪ್ರಯಾಣದಲ್ಲಿ ಆಡಲು ರೋಗ್‌ಲೈಕ್, ಅಂದರೆ ಸೋತರೆ ಮೊದಲಿನಿಂದ ಶುರು ಮಾಡಬೇಕಾದ ಆಟ ಹುಡುಕುವವರು ಮೊದಲು ಕೇಳುವುದು ಒಂದು ರನ್, ಅಂದರೆ ಆರಂಭದಿಂದ ಗೆಲುವು ಇಲ್ಲವೇ ಸೋಲಿನವರೆಗಿನ ಒಂದು ಪೂರ್ತಿ ಆಟ, ಎಷ್ಟು ಹೊತ್ತು ಹಿಡಿಯುತ್ತದೆ ಎಂದು. ಈ ಆಟಗಳನ್ನು ಪರೀಕ್ಷಿಸುವುದೇ ನನ್ನ ವೃತ್ತಿಯಾಗಿರುವುದರಿಂದ ಹೇಳುತ್ತೇನೆ, ಕೇಳಬೇಕಾದ ಪ್ರಶ್ನೆ ಬೇರೆ: ಲೆಕ್ಕಾಚಾರದ ಎಳೆ ಕಡಿಯದಂತೆ ಆಟವನ್ನು ಎಷ್ಟು ನಿಮಿಷಕ್ಕೊಮ್ಮೆ ನಿಲ್ಲಿಸಬಹುದು?

ಈ ದೃಷ್ಟಿಯಿಂದ ನನ್ನ ಮೊದಲ ಆಯ್ಕೆ 2024ರಲ್ಲಿ ಬಂದ, ಪೋಕರ್ ಮಾದರಿಯಲ್ಲಿ ಎಲೆಗಳನ್ನು ಜೋಡಿಸಿ ಅಂಕ ಗಳಿಸುವ ಬಲಾಟ್ರೊ. ಪೂರ್ತಿ ರನ್‌ಗೆ ಮುಕ್ಕಾಲು ಗಂಟೆ ಬೇಕಾಗಬಹುದಾದರೂ ಅದು ಬ್ಲೈಂಡ್ ಎಂಬ ಪುಟ್ಟ ಸುತ್ತುಗಳಾಗಿ ಒಡೆದಿದೆ. ಪ್ರತಿ ಸುತ್ತು ಕೆಲವೇ ನಿಮಿಷಗಳಲ್ಲಿ ಮುಗಿದು, ಎಲೆ ಮತ್ತು ಆಟಕ್ಕೆ ನೆರವಾಗುವ ಜೋಕರ್ ಕೊಳ್ಳುವ ಅಂಗಡಿ ತೆರೆದುಕೊಳ್ಳುತ್ತದೆ. ನಿಲ್ಲಿಸಲು ಅದೇ ತಕ್ಕ ಜಾಗ.

ಮೊದಲ ಬ್ಲೈಂಡನ್ನೇ ನೋಡೋಣ. ಗುರಿ 300 ಅಂಕ, ಆರಂಭದಲ್ಲಿ ಸಿಗುವ ರೆಡ್ ಡೆಕ್ ಎಂಬ ಕಟ್ಟಿನಲ್ಲಿ ನಾಲ್ಕು ಹ್ಯಾಂಡ್, ಅಂದರೆ ನಾಲ್ಕು ಸಲ ಎಲೆಗಳ ಗುಂಪು, ಆಡಬಹುದು, ನಾಲ್ಕು ಸಲ ಎಲೆ ಬಿಸಾಡಬಹುದು. ಕೈಯಲ್ಲಿರುವ ಎಂಟು ಎಲೆಗಳಲ್ಲಿ ಆಟೀನಿನ ಎಕ್ಕ, ರಾಜ, ಒಂಬತ್ತು, ನಾಲ್ಕು ಇವೆ, ಜೊತೆಗೆ ಇಸ್ಪೇಟಿನ ರಾಜನೂ ಬಂದಿದ್ದಾನೆ ಎಂದುಕೊಳ್ಳಿ. ಹೊಸಬರು ರಾಜರ ಜೋಡಿಯನ್ನು ಕಂಡೊಡನೆ ಆಡಿಬಿಡುತ್ತಾರೆ. ಜೋಡಿಯ ಮೂಲ ಅಂಕ 10, ಇಬ್ಬರು ರಾಜರಿಂದ 20, ಒಟ್ಟು 30ನ್ನು ಎರಡರಿಂದ ಗುಣಿಸಿದರೆ ಬರುವುದು 60. ಎಕ್ಕದ ಜೋಡಿಯೇ ಆದರೂ 64. ಅದನ್ನೇ ನಾಲ್ಕು ಸಲ ಆಡಿದರೂ 256ಕ್ಕೆ ನಿಲ್ಲುತ್ತದೆ, ಅಂದರೆ ಬರೀ ಜೋಡಿ ನಂಬಿದವರು ಇಲ್ಲೇ ಸೋಲುತ್ತಾರೆ.

ಒಂದೇ ಜಾತಿಯ ಐದು ಎಲೆ ಸೇರಿದರೆ ಫ್ಲಶ್ ಆಗುತ್ತದೆ, ಅದಕ್ಕಾಗಿ ಇಸ್ಪೇಟಿನ ರಾಜನೂ ಸೇರಿದಂತೆ ಉಳಿದ ನಾಲ್ಕು ಎಲೆಗಳನ್ನು ಬಿಸಾಡುವುದೇ ಸರಿ. ಕಟ್ಟಿನಲ್ಲಿರುವ 44 ಎಲೆಗಳಲ್ಲಿ ಒಂಬತ್ತು ಆಟೀನಿನವು, ಆದ್ದರಿಂದ ಹೊಸದಾಗಿ ಬರುವ ನಾಲ್ಕರಲ್ಲಿ ಒಂದಾದರೂ ಆಟೀನ್ ಸಿಗುವ ಸಾಧ್ಯತೆ ಹತ್ತಕ್ಕೆ ಆರು, ತಪ್ಪಿದರೆ ಇನ್ನೂ ಮೂರು ಸಲ ಬಿಸಾಡಬಹುದು. ಆಟೀನಿನ ಏಳು ಬಂದಿತೆನ್ನಿ: ಎಲೆಗಳ ಮೊತ್ತ 41, ಫ್ಲಶ್‌ನ ಮೂಲ ಅಂಕ 35, ಒಟ್ಟು 76ರ ನಾಲ್ಕುಪಟ್ಟು 304. ಒಂದೇ ಹ್ಯಾಂಡಿನಲ್ಲಿ ಸುತ್ತು ಮುಗಿಯಿತು, ಉಳಿದ ಮೂರು ಹ್ಯಾಂಡ್‌ಗಳಿಗೆ ಆಟದ ತಲಾ ಒಂದು ಡಾಲರ್ ಸಿಕ್ಕಿತು. ಮೊದಲ ಜೋಕರ್ ಕೊಳ್ಳುವಾಗ ಆ ಮೂರು ಡಾಲರ್ ನಿಜಕ್ಕೂ ದೊಡ್ಡ ಮೊತ್ತ.

ಎಲೆಗಳಿಂದಲೇ ಶತ್ರುಗಳೊಡನೆ ಹೋರಾಡುವ ಸ್ಲೇ ದ ಸ್ಪೈರ್ ಇದಕ್ಕಿಂತ ಆಳವಾದ ಆಟವೆಂದೇ ನನ್ನ ಅಭಿಪ್ರಾಯ, ಆದರೆ ಹೋರಾಟದ ನಡುವೆ ಆಟವನ್ನು ಪೂರ್ತಿ ಮುಚ್ಚಿದರೆ ಆ ಹೋರಾಟ ಮೊದಲಿನಿಂದ ಶುರುವಾಗುತ್ತದೆ. ಸಾಧನವನ್ನು ಸ್ಲೀಪ್‌ನಲ್ಲಿಟ್ಟರೆ ತೊಂದರೆಯಿಲ್ಲ. ಬ್ಯಾಟರಿ ಮುಗಿದರೆ ಮಾತ್ರ ಶ್ರಮ ವ್ಯರ್ಥ. ಆದ್ದರಿಂದ ಇಳಿಯುವ ಹೊತ್ತು ಹತ್ತಿರವಾದಾಗ ಬಾಸ್‌ನ ಕೋಣೆಗೆ ಕಾಲಿಡದೆ ನಕ್ಷೆಯಲ್ಲೇ ನಿಲ್ಲಿಸಿ.

ಎಲೆಗಳಿಲ್ಲದ ತಂತ್ರದಾಟ ಬೇಕೆನ್ನುವವರಿಗೆ 2018ರ ಇನ್‌ಟು ದ ಬ್ರೀಚ್ ಇದೆ. ಎಂಟಕ್ಕೆಂಟು ಚೌಕಗಳ ಮಣೆಯಲ್ಲಿ ಶತ್ರು ಮುಂದೆ ಎಲ್ಲಿಗೆ ಹೊಡೆಯುತ್ತಾನೆಂಬುದು ಮೊದಲೇ ಕಾಣುವುದರಿಂದ, ಬೆಳಿಗ್ಗೆ ಅರ್ಧಕ್ಕೆ ಬಿಟ್ಟ ಸರದಿಯನ್ನು ಸಂಜೆ ತೆರೆದಾಗ ಹಿಂದಿನದೇನನ್ನೂ ನೆನಪಿಸಿಕೊಳ್ಳಬೇಕಾಗಿಲ್ಲ.