ಹಿಂದಿನ ಸಾಲಿನ ಕ್ಯಾಮೆರಾ, ಬಾವಿಯೊಳಗಿನ ಮಾತು

ಸಭಾಂಗಣದ ಹಿಂದೆ ಕ್ಯಾಮೆರಾ ಇಟ್ಟು ಭಾಷಣ ಹಿಡಿದವರು ಕಡತ ತಂದು ಕೇಳುವುದು ಒಂದೇ: "ದನಿ ಸ್ವಲ್ಪ ಜೋರು ಮಾಡಿಕೊಡಿ." ಅಲ್ಲಿ ಕೆಟ್ಟಿರುವುದು ದನಿಯ ಜೋರಲ್ಲ, ಮಾತು ಪ್ರತಿಧ್ವನಿಯಲ್ಲಿ ಮುಳುಗಿ ಬಾವಿಯೊಳಗಿಂದ ಬಂದಂತೆ ಕೇಳುತ್ತದೆ. ಎಷ್ಟು ಸಲ ಹೇಳಿದರೂ ಇದು ಮನಸ್ಸಿಗೆ ಇಳಿಯುವುದಿಲ್ಲ, ಹಾಗಾಗಿ ನಿಧಾನವಾಗಿ ಬಿಡಿಸಿ ಹೇಳುತ್ತೇನೆ.

20 ಮೀಟರ್ ಉದ್ದ, 12 ಮೀಟರ್ ಅಗಲ, 5 ಮೀಟರ್ ಎತ್ತರದ ಹಾಲ್ ಇದೆ ಎನ್ನಿ. ಚಪ್ಪಾಳೆ ತಟ್ಟಿದರೆ ಸದ್ದು ಪೂರ್ತಿ ಅಡಗಲು ಒಂದೂವರೆ ಸೆಕೆಂಡ್ ಬೇಕು. ಇಂಥಲ್ಲಿ ಭಾಷಣಕಾರರಿಂದ ಸುಮಾರು 2 ಮೀಟರ್ ದೂರದಲ್ಲಿ, ಬಾಯಿಂದ ನೇರ ಬಂದ ದನಿಯೂ ಗೋಡೆ, ಚಾವಣಿಗೆ ಬಡಿದು ಬಂದ ಪ್ರತಿಧ್ವನಿಯೂ ಸಮಸಮ ಇರುತ್ತವೆ. ದೂರ ದುಪ್ಪಟ್ಟಾದಂತೆ ನೇರ ದನಿ 6 ಡೆಸಿಬೆಲ್ ಇಳಿಯುತ್ತದೆ. ಪ್ರತಿಧ್ವನಿ ಮಾತ್ರ ಹಾಲ್ ತುಂಬ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿರುತ್ತದೆ. 16 ಮೀಟರ್ ಹಿಂದೆ ಹೋದರೆ ನೇರ ದನಿ ಪ್ರತಿಧ್ವನಿಗಿಂತ 18 ಡೆಸಿಬೆಲ್ ಕೆಳಗೆ ಮುಳುಗಿರುತ್ತದೆ. ದನಿ ಜೋರು ಮಾಡುವ ಗೇನ್ ಏರಿಸಿದರೆ ಎರಡೂ ಒಟ್ಟಿಗೆ ಏರುತ್ತವೆ, ನಡುವಿನ ಅಂತರ ಕೂದಲೆಳೆಯಷ್ಟೂ ಬದಲಾಗದು.

ಹೆಡ್‌ಫೋನ್‌ನಲ್ಲಿ ಒತ್ತಕ್ಷರಗಳನ್ನು ಕೇಳಿ ನೋಡಿ. "ಪಟ್ಟ" ಎನ್ನುವಾಗ ನಡುವೆ ಉಸಿರು ತಡೆದ ಒಂದು ಚಿಕ್ಕ ಮೌನವಿದೆ. ಹಿಂದಿನ "ಪ"ದ ಪ್ರತಿಧ್ವನಿ ಅದನ್ನು ತುಂಬಿಬಿಟ್ಟರೆ "ಪಟ", "ಪಟ್ಟ" ಎರಡೂ ಒಂದೇ ಆಗಿ ಕೇಳುತ್ತವೆ. ಫ್ಯಾನಿನ ಗುಂಯ್ ಸದ್ದನ್ನು ತೆಗೆಯುವ ಫಿಲ್ಟರ್ ಇದಕ್ಕೆ ನಾಟುವುದಿಲ್ಲ. ಯಾಕೆಂದರೆ ಪ್ರತಿಧ್ವನಿಯೂ ಅದೇ ಮಾತೇ.

ಎದುರಿನ ದನಿಯನ್ನೇ ಹೆಚ್ಚಾಗಿ ಹಿಡಿಯುವ ಉದ್ದನೆಯ ಶಾಟ್‌ಗನ್ ಮೈಕ್ ಕೊಂಡರೆ ಆದೀತೇ? ದೂರ ಎರಡು-ಮೂರು ಪಟ್ಟು ಕಡಿಮೆಯಾದಂತೆ ಕೇಳಿಸಬಹುದು, ಅಷ್ಟೇ. ಅಂದರೆ 16 ಮೀಟರ್ ಹೋಗಿ ಐದರಿಂದ ಎಂಟು ಮೀಟರ್ ಆಯಿತು, ಅದೂ ಸಾಲದು.

ಕ್ಯಾಮೆರಾ ಹಿಂದೆಯೇ ಇರಲಿ, ಮೈಕ್ ಮುಂದೆ ಹೋಗಲಿ. ಕಾಲರ್ ಮೈಕನ್ನು ಭಾಷಣಕಾರರ ಗದ್ದದಿಂದ ಒಂದು ಗೇಣು ಕೆಳಗೆ ಸಿಕ್ಕಿಸಿ, ತಂತಿಯನ್ನು ಏರೋಪ್ಲೇನ್ ಮೋಡ್‌ನಲ್ಲಿರುವ ಇನ್ನೊಂದು ಫೋನಿಗೆ ಜೋಡಿಸಿ, ರೆಕಾರ್ಡಿಂಗ್ ಶುರು ಮಾಡಿ ಫೋನನ್ನು ಅವರ ಜೇಬಿನಲ್ಲಿಡಿ. ಶುರುವಿನಲ್ಲಿ ವೇದಿಕೆಯ ಮೇಲೆ ಕ್ಯಾಮೆರಾಗೆ ಕಾಣುವಂತೆ ಒಂದು ಚಪ್ಪಾಳೆ, ಕೊನೆಯಲ್ಲಿ ಇನ್ನೊಂದು.

ಫೋನಿನ ಸದ್ದನ್ನು ವಿಡಿಯೋಗೆ ಜೋಡಿಸುವಾಗ ಹೆಚ್ಚಿನವರು ತಪ್ಪುವುದು ಇಲ್ಲಿ. ಸದ್ದು 16 ಮೀಟರ್ ದಾಟಲು ಸುಮಾರು 47 ಮಿಲಿಸೆಕೆಂಡ್ ಹಿಡಿಯುತ್ತದೆ. ಸೆಕೆಂಡಿಗೆ 25 ಫ್ರೇಮ್ ಇರುವ ವಿಡಿಯೋದಲ್ಲಿ ಅದು ಒಂದು ಫ್ರೇಮ್‌ಗಿಂತ ತುಸು ಹೆಚ್ಚು. ಕ್ಯಾಮೆರಾದ ಸದ್ದಿಗೆ ಫೋನಿನ ಸದ್ದು ಹೊಂದಿಸಿದರೆ ಮಾತು ತುಟಿಗಿಂತ ಅಷ್ಟು ಹಿಂದೆ ಬೀಳುತ್ತದೆ. ಆದ್ದರಿಂದ ಅಂಗೈಗಳು ಕೂಡಿದ ಫ್ರೇಮ್‌ಗೇ ಹೊಂದಿಸಿ. ನಂತರ ಕೊನೆಯ ಚಪ್ಪಾಳೆ ನೋಡಿ. ಎರಡು ಸಾಧನಗಳ ಗಡಿಯಾರ ಪೂರ್ತಿ ಒಂದೇ ವೇಗದಲ್ಲಿ ಓಡುವುದಿಲ್ಲ, ಹಾಗಾಗಿ ಗಂಟೆ ಕಳೆದ ಮೇಲೆ ಮತ್ತೆ ಸರಿದಿರಬಹುದು. ಹಾಗಾಗಿದ್ದರೆ ಭಾಷಣಕಾರರು ನೀರು ಕುಡಿಯಲು ನಿಲ್ಲಿಸಿದ ಕಡೆ ಸದ್ದನ್ನು ಕತ್ತರಿಸಿ, ಉಳಿದ ಭಾಗವನ್ನು ಬೇಕಾದಷ್ಟು ಸರಿಸಿ.