ಮಾಂಟೆಲುಕಾಸ್ಟ್: ಮಾತ್ರೆ ಶುರುವಾದ ಮೇಲೆ ಕೆಟ್ಟ ಕನಸು ಬಿದ್ದರೆ

ಅಲರ್ಜಿಯಾದಾಗ ದೇಹದಲ್ಲಿ ಲ್ಯೂಕೋಟ್ರೈನ್ ಎಂಬ ರಾಸಾಯನಿಕಗಳು ಹೊರಬಂದು ಶ್ವಾಸನಾಳವನ್ನು ಬಿಗಿಸುತ್ತವೆ, ಮೂಗನ್ನು ಕಟ್ಟಿಸುತ್ತವೆ. ಅವುಗಳ ಕೆಲಸವನ್ನು ತಡೆಯುವ ಔಷಧ ಮಾಂಟೆಲುಕಾಸ್ಟ್. ಇದು ದಿನಕ್ಕೊಮ್ಮೆ, ಸಾಮಾನ್ಯವಾಗಿ ರಾತ್ರಿ ತೆಗೆದುಕೊಳ್ಳುವ ಮಾತ್ರೆ. ಎರಡರಿಂದ ಐದು ವರ್ಷದವರಿಗೆ 4 ಮಿ.ಗ್ರಾಂ, ಆರರಿಂದ ಹದಿನಾಲ್ಕರವರೆಗೆ 5, ಹದಿನೈದು ತುಂಬಿದವರಿಗೆ 10. ಉಬ್ಬಸ ಜೋರಾಗಿ ಏರಿದಾಗ ಅದನ್ನು ಕೂಡಲೇ ಇಳಿಸುವ ಶಕ್ತಿ ಇದಕ್ಕಿಲ್ಲ. ಕೆಲವರಲ್ಲಿ ಇದು ಕೆಟ್ಟ ಕನಸು, ಸಿಡುಕಿನಂಥ ಮನಸ್ಸಿನ ತೊಂದರೆಗಳನ್ನೂ ತರಬಹುದು.

ನಮ್ಮಲ್ಲಿ ಇದು ಲಿವೋಸೆಟ್ರಿಜಿನ್ ಎಂಬ ಅಲರ್ಜಿ ಔಷಧದ ಜೊತೆ ಸೇರಿದ ಒಂದೇ ಮಾತ್ರೆಯಾಗಿಯೋ ಸಿರಪ್ ಆಗಿಯೋ ಹೆಚ್ಚಾಗಿ ಸಿಗುತ್ತದೆ. ಮನೆಯವರ ಪಾಲಿಗೆ ಅದು ಬರೀ 'ಶೀತದ ಮಾತ್ರೆ'. ಹಾಗಾಗಿ ಮಗುವಿನ ಸ್ವಭಾವ ಬದಲಾದಾಗ ಅದರ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ. ಸ್ಟ್ರಿಪ್ಪಿನ ಹಿಂಬದಿಯ ಸಣ್ಣ ಅಕ್ಷರ ಓದಿ ನೋಡಿ.

ಐದು ವರ್ಷದ ಮಗುವೊಂದಕ್ಕೆ ಬೆಳಗಿನ ಸೀನಿಗೆಂದು 4 ಮಿ.ಗ್ರಾಂ ಶುರುವಾಗಿದೆ ಎಂದುಕೊಳ್ಳಿ. ಎರಡನೇ ವಾರದಲ್ಲಿ ಅದು ನಡುರಾತ್ರಿ ಕಿರುಚಿಕೊಂಡು ಏಳುತ್ತದೆ, ಒಬ್ಬನೇ ಮಲಗಲು ಹೆದರುತ್ತದೆ, ಹಗಲಲ್ಲಿ ಸಣ್ಣದಕ್ಕೂ ಸಿಡಿಯುತ್ತದೆ, ತಮ್ಮನಿಗೆ ಹೊಡೆಯುತ್ತದೆ. ಟಿವಿಯಿಂದಲೋ ಶಾಲೆಯಿಂದಲೋ ಹೀಗಾಯಿತು ಎಂದು ತೀರ್ಮಾನಿಸುವ ಮೊದಲು ಮಾತ್ರೆ ಶುರುವಾದ ತಾರೀಖನ್ನೂ ಮೊದಲ ಕೆಟ್ಟ ರಾತ್ರಿಯ ತಾರೀಖನ್ನೂ ಅಕ್ಕಪಕ್ಕ ಬರೆದುಕೊಳ್ಳಿ. ಡಾಕ್ಟರಿಗೆ ಅದೇ ಮುಖ್ಯ ಸುಳಿವು. ಪ್ರಮಾಣ ಎಷ್ಟು, ಬೇರೆ ಯಾವ ಔಷಧ ನಡೆದಿದೆ, ಮನೆಯಲ್ಲಿ ಯಾರಿಗಾದರೂ ಖಿನ್ನತೆ ಇತ್ತೇ ಎನ್ನುವುದನ್ನೂ ಹೇಳಿ. ದೊಡ್ಡವರಲ್ಲಿ ನಿದ್ದೆಗೇಡು, ಕಾರಣವಿಲ್ಲದ ಕಳವಳ, ಯಾವುದರಲ್ಲೂ ಮನಸ್ಸಿಲ್ಲದಿರುವುದು ಕಾಣಿಸಬಹುದು. ಈ ತೊಂದರೆ ಹಿಂದೆ ಮಾನಸಿಕ ಕಾಯಿಲೆಯೇ ಇಲ್ಲದವರಿಗೂ ಬಂದದ್ದುಂಟು.

ಬಹುಪಾಲು ಜನರಿಗೆ ಇದಾವುದೂ ಆಗುವುದಿಲ್ಲ. ಆದರೂ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2020ರಲ್ಲಿ ಇದಕ್ಕೆ ತನ್ನ ಅತ್ಯಂತ ಕಠಿಣವಾದ ಚೌಕಟ್ಟಿನ ಎಚ್ಚರಿಕೆ ಹಾಕಿತು. ಮೂಗಿನ ಅಲರ್ಜಿಗೆ ಬೇರೆ ಔಷಧ ಸಾಲದಿದ್ದಾಗ ಮಾತ್ರ ಇದನ್ನು ಬಳಸಿ ಎಂದಿತು. ನಮಗೂ ಇದು ಸರಿಯಾದ ಮಾತೆನಿಸುತ್ತದೆ. ಬರೀ ಸೀನಿಗಾಗಿ ಕೊಟ್ಟಿದ್ದರೆ ಮೂಗಿನ ಸ್ಪ್ರೇ ಸಾಕಾಗುತ್ತದೆಯೇ ಎಂದು ಡಾಕ್ಟರನ್ನು ಕೇಳಬಹುದು.

ಬದಲಾವಣೆ ಕಂಡ ಕೂಡಲೇ ಮಾಂಟೆಲುಕಾಸ್ಟ್ ನಿಲ್ಲಿಸಿ, ಅದೇ ದಿನ ಡಾಕ್ಟರಿಗೆ ಫೋನ್ ಮಾಡಿ. ಮುಂದಿನ ಭೇಟಿಯವರೆಗೆ ಕಾಯಬೇಡಿ. ಉಬ್ಬಸಕ್ಕೆ ಕೊಟ್ಟಿದ್ದರೆ ಅದರ ಬದಲು ಏನು ಎಂಬುದನ್ನು ಅವರೇ ಹೇಳಬೇಕು. ಇನ್‌ಹೇಲರನ್ನು ಮಾತ್ರ ಯಾವ ಕಾರಣಕ್ಕೂ ಬಿಡಬಾರದು, ಬಿಟ್ಟರೆ ಉಬ್ಬಸ ಮರುಕಳಿಸಬಹುದು. ಸಾಯುವ ಮಾತಾಡಿದರೆ, ತನಗೇ ಗಾಯ ಮಾಡಿಕೊಂಡರೆ, ಇಲ್ಲದ್ದು ಕಾಣಿಸಿದರೆ ಒಬ್ಬರೇ ಇರಲು ಬಿಡದೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ. ಮನಸ್ಸಿನ ತೊಂದರೆಗೆ ಟೆಲಿ ಮಾನಸ್ ಸಹಾಯವಾಣಿ 14416 ದಿನವಿಡೀ ತೆರೆದಿರುತ್ತದೆ.

ಸಾಮಾನ್ಯವಾಗಿ ಮಾತ್ರೆ ನಿಂತ ಮೇಲೆ ಕನಸು, ಸಿಡುಕು ಇಳಿಯುತ್ತವೆ. ಕೆಲವರಲ್ಲಿ ನಿಲ್ಲಿಸಿದ ನಂತರವೂ ಉಳಿದದ್ದಿದೆ, ಇನ್ನು ಕೆಲವರಲ್ಲಿ ನಿಲ್ಲಿಸಿದ ಮೇಲೆಯೇ ಕಾಣಿಸಿಕೊಂಡದ್ದೂ ಇದೆ. ಆದ್ದರಿಂದ ಆಮೇಲೂ ಕೆಲವು ವಾರ ನಿದ್ದೆ, ನಡವಳಿಕೆ ಗಮನಿಸಿ, ಮಗುವಿನ ಚೀಟಿಯ ಮೇಲೆ 'ಮಾಂಟೆಲುಕಾಸ್ಟ್ ಒಗ್ಗಲಿಲ್ಲ' ಎಂದು ಬರೆಸಿಡಿ. ಮುಂದಿನ ಶೀತಕ್ಕೆ ಬೇರೆ ಡಾಕ್ಟರು ಬೇರೆ ಹೆಸರಿನ ಸಿರಪ್ಪಿನಲ್ಲಿ ಅದನ್ನೇ ಬರೆದುಕೊಡುವ ಸಾಧ್ಯತೆ ಇದ್ದೇ ಇದೆ.