ಶೇ. 20 ಸೇರಿಸಬೇಡಿ, 0.80ರಿಂದ ಭಾಗಿಸಿ

ಸರ್ವೆ ಮಾಡಲು ಹೊರಟ ವಿದ್ಯಾರ್ಥಿಗಳು ತೋರಿಸುವ ಪ್ರಪೋಸಲ್‌ಗಳಲ್ಲಿ ಒಂದು ಸಾಲು ಹೆಚ್ಚುಕಡಿಮೆ ಖಾಯಂ: ‘ಉತ್ತರ ಸಿಗದವರಿಗಾಗಿ ಶೇ. 20 ಹೆಚ್ಚುವರಿ ಸೇರಿಸಲಾಗಿದೆ.’ ಹೆಚ್ಚು ಮಾಡಬೇಕೆಂಬ ಯೋಚನೆ ಸರಿ. ಮಾಡುವ ರೀತಿ ತಪ್ಪು. ಆ 20 ಎಲ್ಲಿಂದ ಬಂತು ಅಂತ ಕೇಳಿದರೆ, ‘ಎಲ್ಲರೂ ಅಷ್ಟೇ ಹಾಕ್ತಾರೆ ಸರ್’ ಎನ್ನುತ್ತಾರೆ.

ಒಂದು ಲೆಕ್ಕ ನೋಡೋಣ. ಯಾದಗಿರಿ ತಾಲ್ಲೂಕಿನಲ್ಲಿ ಎಷ್ಟು ಮನೆಗಳ ಮೇಲೆ ಕೈಸಾಲವಿದೆ ಅಂತ ತಿಳಿಯಬೇಕು. ಉತ್ತರದ ಅಂದಾಜು ಗೊತ್ತಿಲ್ಲ, ಹಾಗಾಗಿ ಅರ್ಧಕ್ಕರ್ಧ ಅಂತ ಹಿಡಿಯುತ್ತೇವೆ. ಶೇ. 95 ವಿಶ್ವಾಸ, ಅದಕ್ಕೆ ಲೆಕ್ಕದಲ್ಲಿ 1.96; ಆಚೀಚೆ ಶೇ. 5 ದೋಷ.

```
1.96² × 0.5 × 0.5 ÷ 0.05² = 384.16 → 385
```

ಈ 385 ಎನ್ನುವುದು ನಾವು ಕದ ತಟ್ಟುವ ಮನೆಗಳ ಸಂಖ್ಯೆ ಅಲ್ಲ, ಕೊನೆಗೆ ಕೈಯಲ್ಲಿರಬೇಕಾದ ತುಂಬಿದ ಪ್ರಶ್ನಾವಳಿಗಳ ಸಂಖ್ಯೆ. ನೂರರಲ್ಲಿ 20 ಮನೆ ಸಿಗುವುದಿಲ್ಲ ಅಂತಿಟ್ಟುಕೊಳ್ಳಿ. 385ಕ್ಕೆ ಅದರ ಶೇ. 20 ಸೇರಿಸಿದರೆ 462 ಆಗುತ್ತದೆ. ಆದರೆ ಫೀಲ್ಡಿನಲ್ಲಿ ಶೇ. 20 ಕಳೆಯುವುದು 385ರಿಂದ ಅಲ್ಲ, ಈ 462ರಿಂದ. ಉಳಿಯುವುದು ಸುಮಾರು 370, ಅಂದರೆ 15 ಕಡಿಮೆ. ಅದಕ್ಕೇ ಭಾಗಿಸಬೇಕು: 385 ÷ 0.80 = 481.25, ಅಂದರೆ 482 ಮನೆ. ಸಿಗದವರ ಪಾಲು ಶೇ. 10 ಇದ್ದಾಗ ಈ ಎರಡು ಲೆಕ್ಕಗಳ ನಡುವೆ ಅಂಥ ವ್ಯತ್ಯಾಸ ಇರುವುದಿಲ್ಲ, ಪಾಲು ಬೆಳೆದಂತೆ ಅಂತರ ಬೇಗ ಬೇಗ ಹಿಗ್ಗುತ್ತದೆ.

ಅದೇ ಮನೆಗಳಿಗೆ ಆರು ತಿಂಗಳ ನಂತರ ಮತ್ತೆ ಹೋಗುವುದಿದ್ದರೆ ಎರಡು ಸೋರಿಕೆ. ಮೊದಲ ಸಲ ಶೇ. 15 ಸಿಗಲಿಲ್ಲ, ಸಿಕ್ಕವರಲ್ಲಿ ಶೇ. 20 ಮಂದಿ ಎರಡನೇ ಸಲಕ್ಕೆ ಕೈಬಿಟ್ಟರು ಎಂದಾದರೆ, ಎರಡನ್ನೂ ಕೂಡಿಸಿ 35 ಅನ್ನಬೇಡಿ. ಎರಡನೇ ಸೋರಿಕೆ ಉಳಿದವರಿಂದ ಮಾತ್ರ ಆಗುವುದು, ಅಲ್ವಾ? ಉಳಿಕೆಗಳನ್ನು ಗುಣಿಸಿ: 0.85 × 0.80 = 0.68. 385 ÷ 0.68 ಅಂದರೆ 567 ಮನೆ. ಮೊದಲು ಊರು, ಆಮೇಲೆ ಊರೊಳಗೆ ಮನೆ ಅಂತ ಆರಿಸುವುದಾದರೆ, ಒಂದೇ ಊರಿನ ಮನೆಗಳು ಒಂದನ್ನೊಂದು ಹೋಲುವುದರಿಂದ ಇನ್ನೂ ಹೆಚ್ಚು ಮನೆ ಬೇಕು; ಎಷ್ಟು ಪಟ್ಟು ಎಂದು ಹೇಳುವ ಡಿಸೈನ್ ಎಫೆಕ್ಟ್‌ನಿಂದ 385ನ್ನು ಗುಣಿಸಿದ ಮೇಲೆ ಈ ಭಾಗಾಕಾರ ಮಾಡಿ.

ಇನ್ನು ಆ 20ರ ಮೂಲ. ನಮ್ಮ ಕಡೆ ಅದನ್ನು ನಿರ್ಧರಿಸುವುದು ತಿಂಗಳು. ತೊಗರಿ ರಾಶಿ ಮುಗಿದ ಮೇಲೆ ತಾಂಡಾಗಳಲ್ಲಿ ಸಾಲು ಸಾಲು ಬೀಗ, ಜನ ಮುಂಬೈ, ಪುಣೆ, ಬೆಂಗಳೂರು, ಹೈದರಾಬಾದ್ ಅಂತ ದುಡಿಯಲು ಹೋಗಿರುತ್ತಾರೆ. ಮನೆಯಲ್ಲಿ ಅಜ್ಜಿ ಒಬ್ಬಳೇ, ಸಾಲದ ವಿಷಯ ‘ಮಗನೇ ಬಲ್ಲ’ ಅಂತಾಳೆ. ಹೊಲದ ಕೆಲಸ ಇರುವಾಗ ಮಾಡಿದ ಪೈಲಟ್‌ನ, ಅಂದರೆ ಮುಂಚಿನ ಸಣ್ಣ ಪ್ರಾಯೋಗಿಕ ಸರ್ವೆಯ, ಅಂಕಿಯನ್ನು ಏಪ್ರಿಲ್ ಸರ್ವೆಗೆ ಹಾಕಿದರೆ ಕೆಡುತ್ತದೆ. ಪೈಲಟ್ ಅದೇ ಸುಗ್ಗಿಯ ನಂತರದ ದಿನಗಳಲ್ಲಿ, ಅಂಥದೇ ಊರಲ್ಲಿ ಆಗಬೇಕು. ಬೀಗ ಹಾಕಿದ್ದು, ಒಲ್ಲೆ ಅಂದದ್ದು, ಹೇಳಬಲ್ಲವರು ಇಲ್ಲದ್ದು, ಮೂರನ್ನೂ ಬೇರೆ ಬೇರೆ ಬರೆದುಕೊಳ್ಳಿ.

ನನ್ನ ನಿಜವಾದ ಚಿಂತೆ ಇರುವುದು ಇಲ್ಲಿ. 482 ಮನೆಗೆ ಹೋಗಿ 385 ಸಿಕ್ಕರೆ ಸಂಖ್ಯೆ ತುಂಬಿತು, ಆದರೆ ತುಂಬಿದ್ದು ಸಂಖ್ಯೆ ಮಾತ್ರ. ಸಿಕ್ಕ 385ರಲ್ಲಿ ಶೇ. 30 ಮನೆಗೆ ಸಾಲ ಇದೆ ಅಂದುಕೊಳ್ಳಿ. ಸಿಗದ 97 ಮನೆಗಳಲ್ಲಿ, ಸಾಲ ತೀರಿಸಲೆಂದೇ ಊರು ಬಿಟ್ಟವರು ಜಾಸ್ತಿ ಇರುವುದರಿಂದ, ಅದು ಶೇ. 60 ಇದ್ದರೆ? ಆಗ 482 ಮನೆಗಳ ನಿಜವಾದ ಪ್ರಮಾಣ ಶೇ. 36. ನಾವು ಹೆಮ್ಮೆಯಿಂದ ಬರೆಯುವ ‘ಶೇ. 30, ಆಚೀಚೆ 5’ ಅದನ್ನು ಮುಟ್ಟುವುದೇ ಇಲ್ಲ. ಇನ್ನೂ ಸಾವಿರ ಮನೆ ಸೇರಿಸಿದರೂ ಇದು ಹೋಗುವುದಿಲ್ಲ, ದೋಷದ ಅಂಚು ಕಿರಿದಾಗಿ ತಪ್ಪು ಉತ್ತರವೇ ಇನ್ನಷ್ಟು ಗಟ್ಟಿಯಾಗಿ ಕಾಣುತ್ತದೆ.

ಹಾಗಾಗಿ ಹೆಚ್ಚಿಸಿದ ಪಟ್ಟಿಯನ್ನು ಪೂರ್ತಿ ಸುತ್ತಬೇಕು. 385 ಆಗುತ್ತಿದ್ದಂತೆ ನಿಲ್ಲಿಸಿಬಿಡುವ ತಂಡಗಳಿವೆ, ಅವರಿಗೆ ಸಿಕ್ಕಿರುವುದು ಸುಲಭಕ್ಕೆ ಸಿಗುವ ಮನೆಗಳು. ಬೀಗ ಇದ್ದರೆ ಪಕ್ಕದ ಮನೆಗೆ ಹೋಗಿ ಬರೆದುಕೊಂಡು ಬರುವುದು ಇನ್ನೂ ಕೆಟ್ಟದ್ದು, ಯಾಕೆಂದರೆ ಆಗ ಎಷ್ಟು ಮನೆ ಸಿಗಲಿಲ್ಲ ಎಂಬ ಲೆಕ್ಕವೂ ಅಳಿಸಿಹೋಗುತ್ತದೆ. ಒಂದೇ ಮನೆಗೆ ಬೇರೆ ದಿನ, ಬೇರೆ ಹೊತ್ತಿನಲ್ಲಿ ಮೂರು ಸಲವಾದರೂ ಹೋಗಿ. ಸಂಜೆ ಹೋದರೆ ಕೂಲಿಯಿಂದ ಬಂದವರು ಸಿಗುತ್ತಾರೆ. ದೂರ ಹೋದವರ ಫೋನ್ ನಂಬರ್ ಮನೆಯವರಿಂದ ಕೇಳಿ ಪಡೆದು, ಅವರು ಒಪ್ಪಿದರೆ ಫೋನಿನಲ್ಲೇ ನಾಲ್ಕು ಮುಖ್ಯ ಪ್ರಶ್ನೆ ಕೇಳಿ.

ಮುಗಿದ ಮೇಲೆ, ಮೊದಲ ಭೇಟಿಯಲ್ಲೇ ಸಿಕ್ಕವರ ಉತ್ತರವನ್ನು ಮೂರನೇ ಭೇಟಿಯಲ್ಲಿ ಸಿಕ್ಕವರ ಉತ್ತರದ ಪಕ್ಕ ಇಟ್ಟು ನೋಡಿ. ಸಾಲದ ಪ್ರಮಾಣ ಭೇಟಿಯಿಂದ ಭೇಟಿಗೆ ಏರುತ್ತಾ ಹೋಗಿದ್ದರೆ, ಕೊನೆಗೂ ಸಿಗದವರಲ್ಲಿ ಅದು ಇನ್ನೂ ಹೆಚ್ಚಿರಬಹುದು. ಆ ಅಂಕಿಗಳನ್ನು ವರದಿಯಲ್ಲಿ ಹಾಗೇ ಹಾಕಿ, 482ರಲ್ಲಿ ಎಷ್ಟು ಸಿಕ್ಕವು, ಉಳಿದವು ಯಾಕೆ ಸಿಗಲಿಲ್ಲ ಎಂಬುದರ ಜೊತೆಗೇ.